ತಿಮಿಂಗಿಲದ ಹಿಂಗಾಲು ಎಲ್ಲಿ ಹೋಯ್ತು?

ಹೋದ ಬೇಸಿಗೆಯಲ್ಲಿ ಮುಕ್ಕುಂದಕ್ಕೆ ಹೋಗಿದ್ದೆ. ಸಂಜೆ ಹೊಳೆಯಲ್ಲಿ ಎಮ್ಮೆಗಳು ಮೂಗಿನ ತನಕ ಮುಳುಗಿ ಕೂತಿದ್ದವು. ದಂಡೆ ಮೇಲೆ ಅಣ್ಣನ ಮಗ ನನ್ನ ಫೋನಿನಲ್ಲಿ ತಿಮಿಂಗಿಲದ ಅಸ್ಥಿಪಂಜರದ ಫೋಟೋ ಹಿಗ್ಗಿಸಿ ನೋಡುತ್ತಿದ್ದ.

"ಕಾಕಾ, ಇವೆರಡು ಸಣ್ಣ ಎಲುಬು ಬೆನ್ನೆಲುಬಿಗೆ ಅಂಟೇ ಇಲ್ಲಲ್ಲ?"

"ಅವು ಸೊಂಟದ ಎಲುಬು. ಹಿಂದೊಮ್ಮೆ ಕಾಲಿತ್ತು, ಅದರ ಗುರುತು. ನಮ್ಮ ಆಫೀಸಿನ ಹಳೇ ಕೋಡ್ ಇದ್ದಂಗ, ಯಾರೂ ಬಳಸಂಗಿಲ್ಲ, ಯಾರೂ ಅಳಿಸಿಲ್ಲ" ಅಂದೆ.

ರಾತ್ರಿ ಓದಿದಾಗ ನನ್ನ ಮಾತು ಅರ್ಧ ತಪ್ಪು ಅಂತ ಗೊತ್ತಾಯ್ತು. ಆ ಎಲುಬಿಗೆ ಜನನಾಂಗದ ಸ್ನಾಯುಗಳು ಅಂಟಿಕೊಂಡಿರುತ್ತವೆ. ಅದನ್ನು ಹೇಳಿದ್ದೇ ತಡ, ಹುಡುಗ ಹಿಡಿದುಬಿಟ್ಟ: "ಕೆಲಸ ಐತಿ ಅಂದ್ರ, ಆ ಕೆಲಸಕ್ಕೇ ಹುಟ್ಟಿರಬಹುದಲ್ಲ? ಕಾಲಿತ್ತು ಅಂತ ಹ್ಯಾಂಗ ಹೇಳ್ತಿ?"

ಪ್ರಶ್ನೆ ಸರಿಯಾಗಿತ್ತು. ಈಗಿನ ತಿಮಿಂಗಿಲವನ್ನಷ್ಟೇ ನೋಡಿದರೆ ಉತ್ತರ ಸಿಗಲ್ಲ, ಹಳೇ ವರ್ಷನ್ ಬೇಕು. ಅದು ಸಿಕ್ಕಿದ್ದು ಈಜಿಪ್ಟಿನ ಮರುಭೂಮಿಯಲ್ಲಿ. ಸುಮಾರು 3.7 ಕೋಟಿ ವರ್ಷ ಹಿಂದಿನ ಬೆಸಿಲೊಸಾರಸ್ ಎಂಬ ತಿಮಿಂಗಿಲದ ಹಿಂಗಾಲನ್ನು ಫಿಲಿಪ್ ಜಿಂಜರಿಚ್ ತಂಡ 1990ರಲ್ಲಿ ಪ್ರಕಟಿಸಿತು. ಸುಮಾರು ಐವತ್ತು ಅಡಿ ದೇಹಕ್ಕೆ ಮೊಳದಷ್ಟು ಕಾಲು. ಆದರೆ ಅದರಲ್ಲಿ ಮೊಣಕಾಲಿದೆ, ಹಿಮ್ಮಡಿ ಕೀಲಿದೆ, ಬೆರಳಿದೆ. ನಡೆಯಲಿಕ್ಕೆ ಬರದಿದ್ದರೂ ಅದು ಕಾಲೇ. ಸ್ನಾಯು ಹಿಡಿಯುವುದಕ್ಕಷ್ಟೇ ಆಗಿದ್ದರೆ ಬೆರಳು ಯಾಕೆ ಬೇಕು?

ಇನ್ನೂ ಹಿಂದಿನ ಸುಳಿವು ನಮ್ಮ ದೇಶದ್ದೇ. ಜಮ್ಮುವಿನ ಕಾಲಾಕೋಟ್ ಬಳಿ ಭೂವಿಜ್ಞಾನಿ ಎ. ರಂಗರಾವ್ ಪಳೆಯುಳಿಕೆ ತುಂಬಿದ ಕಲ್ಲುಗಳನ್ನು ಕೂಡಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಆ ಕಲ್ಲುಗಳು ಹ್ಯಾನ್ಸ್ ಥೀವಿಸನ್ ಅವರ ಕೈಗೆ ಬಂದವು. ಸ್ವಚ್ಛ ಮಾಡುವಾಗ ಒಂದು ತಲೆಬುರುಡೆಯ ಕಿವಿಭಾಗ ಆಕಸ್ಮಿಕವಾಗಿ ಮುರಿಯಿತು. ಒಳಗೆ ಕಿವಿಯ ಎಲುಬಿನ ಒಂದು ಅಂಚು ವಿಪರೀತ ದಪ್ಪಗಿತ್ತು. ಅದು ತಿಮಿಂಗಿಲಗಳ ಗುರುತು ಅಂತಲೇ ಎಲ್ಲರೂ ತಿಳಿದಿದ್ದರು. ಆದರೆ ಈ ಪ್ರಾಣಿ ಬೆಕ್ಕಿನ ಗಾತ್ರದ, ನಾಲ್ಕು ಕಾಲಿನ, ಪುಟ್ಟ ಜಿಂಕೆಯಂಥ ಇಂಡೋಹಯಸ್! ಅದರ ಕಾಲಿನ ಎಲುಬುಗಳ ಗೋಡೆಯೂ ದಪ್ಪ. ನೀರಿನ ತಳದಲ್ಲಿ ತೇಲಿಹೋಗದೆ ನಡೆಯುವ ಪ್ರಾಣಿಗೆ ಇರುವಂಥದ್ದು. 2007ರಲ್ಲಿ ಇದು ಪ್ರಕಟವಾಯಿತು. ಇದು ತಿಮಿಂಗಿಲದ ಅಜ್ಜ ಅಲ್ಲ, ಹತ್ತಿರದ ದಾಯಾದಿ.

ಮರುದಿನ ಇಷ್ಟೆಲ್ಲ ಹೇಳಿದೆ. ಹುಡುಗ ಹೊಳೆಯ ಕಡೆ ನೋಡಿದ. "ಹಂಗಾದ್ರ ನಮ್ಮ ಎಮ್ಮಿ ನೀರಾಗೇ ಕುಂತ್ರ ತಿಮಿಂಗಿಲ ಆಗತೈತೇನು?"

"ಕುಂತಿದ್ದಕ್ಕ ಆಗಂಗಿಲ್ಲೋ. ಆದ್ರ ಬಳಗ ಒಂದೇ." ಎಮ್ಮೆಯ ಹಿಂಗಾಲಿನ ಕೀಲಿನಲ್ಲಿ ಎರಡೂ ತುದಿ ರಾಟೆಯಂತಿರುವ ಒಂದು ಎಲುಬಿದೆ. ಕಾಲಿದ್ದ ಕಾಲದ ತಿಮಿಂಗಿಲಗಳಲ್ಲೂ ಅದೇ ಆಕಾರದ್ದು ಸಿಕ್ಕಿದೆ.

ಅವನು ಫೋನ್ ನನ್ನ ಕೈಗಿಟ್ಟು, ನೀರಿನಿಂದ ಮೇಲೇಳುತ್ತಿದ್ದ ಎಮ್ಮೆಯ ಹಿಂಗಾಲನ್ನೇ ನೋಡುತ್ತ ನಿಂತ.