ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿದಾಗ

ಅಕ್ಕನ ಮದುವೆ ಮೇ 4, ಭಾನುವಾರ ಎಂದು ನಿಶ್ಚಯವಾಯಿತು. ಛತ್ರ ಸಿಕ್ಕಿತ್ತು. ಉಳಿದ ಕೆಲಸಗಳನ್ನು ಅಪ್ಪ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದರು. ಲಗ್ನಪತ್ರಿಕೆ ಹಂಚುವುದು ಏಪ್ರಿಲ್ 27ರೊಳಗೆ, ರವಿಕೆ ಹೊಲಿಸುವುದು ಏಪ್ರಿಲ್ 27ರೊಳಗೆ, ದಿನಸಿ ಏಪ್ರಿಲ್ 30ರೊಳಗೆ, ತರಕಾರಿ ಮೇ 3. ನೋಡಿದರೆ ಇನ್ನೂ ತಿಂಗಳು ಪೂರ್ತಿ ಇದೆ ಅನ್ನಿಸುತ್ತಿತ್ತು.

ನಾವು ಮಕ್ಕಳು ಕುಳಿತು ಆ ಪಟ್ಟಿಯನ್ನು ವಾರದ ಲೆಕ್ಕಕ್ಕೆ ಇಳಿಸಿದೆವು. ಪಟ್ಟಿಯಲ್ಲಿ ಇರುವುದು ಕೆಲಸ ಮುಗಿಯಬೇಕಾದ ದಿನ, ಶುರುವಾಗಬೇಕಾದ ದಿನವಲ್ಲ. ಹಾಗಾಗಿ ಪ್ರತಿ ಕೆಲಸದ ಮುಂದೆ ಎರಡು ವಿಷಯ ಬರೆದುಕೊಂಡೆವು: ಎಷ್ಟು ದಿನ ಹಿಡಿಯುತ್ತದೆ, ಅದಕ್ಕೂ ಮೊದಲು ಏನು ಆಗಿರಬೇಕು.

ಟೈಲರ್ 20 ದಿನ ಬೇಕು ಅಂದಿದ್ದರು. 27ಕ್ಕೆ ರವಿಕೆ ಕೈಗೆ ಬರಬೇಕಾದರೆ ಬಟ್ಟೆಯನ್ನು 7ರೊಳಗೆ ಕೊಡಬೇಕು, ಅಂದರೆ ಸೀರೆ 6ರೊಳಗೆ ಬರಬೇಕು. ಪತ್ರಿಕೆ ಹಂಚಲು ಎರಡು ವಾರ, ಅಚ್ಚು ಹಾಕಿಸಿ ತಪ್ಪು ತಿದ್ದಲು ಒಂದು ವಾರ. ಪತ್ರಿಕೆಯಲ್ಲಿ ಹಾಕುವ ಹಿರಿಯರ ಹೆಸರು, ಕರೆಯಬೇಕಾದವರ ಪಟ್ಟಿ ಎರಡೂ 6ರೊಳಗೆ ಸಿದ್ಧವಿರಬೇಕು. ತಿಂಗಳ ಕೊನೆಯದು ಎಂದುಕೊಂಡಿದ್ದ ಎರಡು ಕೆಲಸಗಳೂ ಮೊದಲ ವಾರದಲ್ಲೇ ಬಂದು ಕೂತವು.

ಎಲ್ಲವನ್ನೂ ತುಂಬಿ, ಪಕ್ಕದಲ್ಲಿ ಮಾಡುವವರ ಹೆಸರು ಬರೆದಾಗ ಇನ್ನೊಂದು ಕಂಡಿತು. ಕೊನೆಯ ವಾರದ ಸಾಲಿನಲ್ಲಿ ಅಮ್ಮನ ಹೆಸರೇ ಐದು ಸಲ ಇತ್ತು. ಒಂದೇ ಸಾಲಿನಲ್ಲಿ ಒಂದೇ ಹೆಸರು ಮೂರು ಸಲ ಬಂದರೆ ಆ ವಾರ ಕೆಲಸ ಸಾಗುವುದಿಲ್ಲ ಎಂದೇ ಅರ್ಥ.

ಯಾವುದನ್ನು ಹಿಂದಕ್ಕೆ ಎಳೆಯಬಹುದು? ಬೇಗ ತಂದಿಟ್ಟರೆ ಕೆಡುತ್ತದೆಯೇ ಎಂದು ಒಂದೊಂದಕ್ಕೂ ಕೇಳಿಕೊಂಡೆವು. ಅಕ್ಕಿ, ಬೇಳೆ, ಎಣ್ಣೆ, ತಾಂಬೂಲದ ಚೀಲ ಕೆಡುವುದಿಲ್ಲ. ಹೂವು, ಹಾಲು, ವೀಳ್ಯದೆಲೆ, ತರಕಾರಿ ಕೆಡುತ್ತವೆ. ಕೆಡದಿದ್ದನ್ನು ಮೇಲಿನ ಸಾಲುಗಳಿಗೆ ಹಾಕಿದೆವು. ದಿನಸಿ ಮುಂಚೆ ತರುವುದಾದರೆ ಅಡುಗೆಯವರಿಂದ ಸಾಮಾನಿನ ಪಟ್ಟಿಯೂ ಮುಂಚೆಯೇ ಬರಬೇಕು. ಅದೂ ಒಂದು ಸಾಲು ಮೇಲೇರಿತು.

| ವಾರ | ಕೆಲಸ | ಯಾರು |
|---|---|---|
| ಮಾ. 31–ಏ. 6 | ಸೀರೆ, ಕರೆಯುವವರ ಪಟ್ಟಿ, ಪತ್ರಿಕೆಯ ಹೆಸರು | ಅಮ್ಮ, ಅಪ್ಪ |
| ಏ. 7–13 | ರವಿಕೆ ಬಟ್ಟೆ ಕೊಡುವುದು (7ಕ್ಕೆ), ಪತ್ರಿಕೆ ಅಚ್ಚು, ತಾಂಬೂಲದ ಚೀಲ | ನಾವು |
| ಏ. 14–20 | ಪತ್ರಿಕೆ: ದೂರದ ಊರು, ಸಾಮಾನಿನ ಪಟ್ಟಿ | ಅಪ್ಪ, ಚಿಕ್ಕಪ್ಪ |
| ಏ. 21–27 | ಪತ್ರಿಕೆ: ನಮ್ಮೂರು, ದಿನಸಿ, ರವಿಕೆ ತರುವುದು | ಎಲ್ಲರೂ |
| ಏ. 28–ಮೇ 4 | ತರಕಾರಿ, ಹೂವು, ಹಾಲು, ಎಲೆ | ಚಿಕ್ಕಪ್ಪ, ನಾವು |

ಫೋನಿನಲ್ಲಿ ಮೂರು ಕಾಲಂ ದಾಟಿದರೆ ಅಕ್ಷರ ಚಿಕ್ಕದಾಗುತ್ತದೆ. ಅದಕ್ಕೇ ಕಾಗದದಲ್ಲಿ ಬರೆದು, ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದೆವು. ಪ್ರತಿ ಭಾನುವಾರ ರಾತ್ರಿ ಮುಗಿದದ್ದಕ್ಕೆ ಗೆರೆ ಎಳೆದು, ಉಳಿದದ್ದನ್ನು ಕೆಳಗಿನ ಸಾಲಿಗೆ ಬರೆಯುತ್ತಿದ್ದೆವು. ಒಂದೇ ಕೆಲಸ ಎರಡು ಸಲ ಕೆಳಗಿಳಿದರೆ ಅದನ್ನು ಬೇರೆಯವರಿಗೆ ವಹಿಸುವುದು ಎಂದು ಮಾತಾಗಿತ್ತು.

ಟೈಲರ್ ಮಾತ್ರ ನಮ್ಮ ಕಾಗದದ ಮಾತು ಕೇಳಲಿಲ್ಲ, ರವಿಕೆ ಎರಡು ದಿನ ತಡವಾಯಿತು. ಕೊನೆಯ ವಾರ ಹಗುರವಿದ್ದುದರಿಂದ ತಂಗಿ ಹೋಗಿ ತಂದಳು. ಅಮ್ಮ ಆ ಹೊತ್ತಿಗೆ ಬಂದ ನೆಂಟರ ಜೊತೆ ಕೂತು ಕಾಫಿ ಕುಡಿಯುತ್ತಿದ್ದರು.