ಪಹಣಿಯ ಫೋಟೋದಲ್ಲಿ ಕಾಣದ ಒಂದು ಎಕರೆ

ಜಮೀನಿನ ಕಾಗದ ಪತ್ರ ಎಂದ ಕೂಡಲೇ ನಮ್ಮಲ್ಲಿ ಬಹಳ ಮಂದಿ ಅದನ್ನು ಗಂಡಸರ ಕಡೆ ಸರಿಸಿ ಒಳಗೆ ಹೋಗಿಬಿಡುತ್ತೇವೆ. ಹಾಲಿನ ಲೆಕ್ಕ, ಚೀಟಿಯ ಲೆಕ್ಕ, ಮಗಳ ಮದುವೆಯ ಲೆಕ್ಕ ಎಲ್ಲವನ್ನೂ ಬೆರಳ ತುದಿಯಲ್ಲಿ ಇಟ್ಟುಕೊಳ್ಳುವ ನಮಗೆ ಪಹಣಿ ಓದುವುದು ಅಂಥ ಬ್ರಹ್ಮವಿದ್ಯೆಯೇನಲ್ಲ. ಈಗಂತೂ ಹಳೆಯ ಕೈಬರಹದ ಪುಟಗಳನ್ನು ಯಾರೋ ಫೋನಿನಲ್ಲಿ ಫೋಟೋ ಹಿಡಿದು ಮನೆಗೇ ಕಳಿಸಿಬಿಡುತ್ತಾರೆ. "ನೋಡಿ, ಇಷ್ಟೇ ಇರೋದು" ಅಂತ ಒಂದು ಮಾತನ್ನೂ ಜೊತೆಗೆ ಸೇರಿಸಿರುತ್ತಾರೆ. ಆ ಮಾತನ್ನು ನಂಬುವ ಮೊದಲು ಫೋಟೋವನ್ನು ನಾವೇ ಓದಬೇಕು.

ನನಗೆ ಬಂದದ್ದು ನನ್ನ ದೊಡ್ಡಮ್ಮನ ಜಮೀನಿನ ಫೋಟೋ. ನಮ್ಮಮ್ಮನ ಅಕ್ಕ ಅವರು. ಮಕ್ಕಳಿಲ್ಲ, ದೊಡ್ಡಪ್ಪ ಹೋಗಿ ಬಹಳ ವರ್ಷವಾಯಿತು. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸರ್ವೆ ನಂಬರ್ 47ರ ಹೊಲದಲ್ಲಿ ದೊಡ್ಡಪ್ಪನಿಗೂ ಅವರ ಇಬ್ಬರು ತಮ್ಮಂದಿರಿಗೂ ಪಾಲು. ಈಗ ಪೂರಾ ಹೊಲಕ್ಕೇ ಗಿರಾಕಿ ಬಂದಿದ್ದಾರೆ. ಮೈದುನನ ಮಗ 1986-87ನೇ ಸಾಲಿನ ಪಹಣಿಯ ಮೂರು ಫೋಟೋ ಕಳಿಸಿ ಫೋನ್ ಮಾಡಿದ. "ನೋಡಕ್ಕ, ದೊಡ್ಡಮ್ಮಂದು ಬರೀ ಮೂವತ್ತು ಗುಂಟೆ. ಅದಕ್ಕೆ ತಕ್ಕ ದುಡ್ಡು ಕೊಟ್ಬಿಡ್ತೀವಿ, ಒಂದು ಸಹಿ ಹಾಕ್ಸಿ" ಎಂದ. ಹುಡುಗ ಕೆಟ್ಟವನೇನಲ್ಲ. ಫೋಟೋದಲ್ಲಿ ಕಂಡದ್ದನ್ನು ಹೇಳಿದ, ಅಷ್ಟೇ.

ಪಹಣಿಗೆ ಕಚೇರಿಯಲ್ಲಿ ಆರ್.ಟಿ.ಸಿ. ಅನ್ನುತ್ತಾರೆ. ಹಳೆಯ ಕೈಬರಹದ ಪುಟ ನಮ್ಮ ಊಟದೆಲೆಗಿಂತ ಅಗಲ. ಒಂದೇ ಫೋಟೋದಲ್ಲಿ ಹಿಡಿಸುವುದಿಲ್ಲವೆಂದು ತುಂಡು ತುಂಡಾಗಿ ತೆಗೆಯುತ್ತಾರೆ. ತೊಂದರೆ ಶುರುವಾಗುವುದೇ ಇಲ್ಲಿ. ಎಡಗಡೆಯ ಫೋಟೋದಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಕಂದಾಯ, ನಡುವಿನದರಲ್ಲಿ ಹೆಸರು, ಬಲಗಡೆಯದರಲ್ಲಿ ಬೆಳೆ. ಫೋನನ್ನು ಸ್ವಲ್ಪ ಓರೆಯಾಗಿ ಹಿಡಿದರೂ ಸಾಕು, ಎಡಗಡೆಯ ಮೂರನೇ ಸಾಲು ನಡುವಿನ ಫೋಟೋದಲ್ಲಿ ನಾಲ್ಕನೇ ಸಾಲಿನ ಎದುರಿಗೆ ಬಂದು ಕೂರುತ್ತದೆ. ಒಬ್ಬರ ಹೊಲಕ್ಕೆ ಇನ್ನೊಬ್ಬರ ಹೆಸರು! ಅದಕ್ಕೇ ನಾನು ಮೊದಲು ಮಾಡಿದ್ದು, ಮೂರು ಫೋಟೋದಲ್ಲೂ ಮೇಲಿನಿಂದ ಅಡ್ಡಗೆರೆಗಳನ್ನು ಎಣಿಸಿದ್ದು. ಸರ್ವೆ ನಂಬರ್ 47 ಎಷ್ಟನೇ ಗೆರೆಯ ಕೆಳಗಿದೆಯೋ ಹೆಸರೂ ಅಷ್ಟನೇ ಗೆರೆಯ ಕೆಳಗೇ ಇರಬೇಕು. ಎಣಿಸಿ ನೋಡಿದರೆ ಸಾಲು ಸರಿಯಾಗಿಯೇ ಇತ್ತು.

ಆಮೇಲೆ ಮೂರನೇ ಕಾಲಂ, ಅಂದರೆ ವಿಸ್ತೀರ್ಣ. ಒಟ್ಟು 5 ಎಕರೆ 12 ಗುಂಟೆ. ಅದರ ಕೆಳಗೆ ಖರಾಬು 'ಅ' 4 ಗುಂಟೆ, ಖರಾಬು 'ಬ' 8 ಗುಂಟೆ, ಉಳಿದದ್ದು 5 ಎಕರೆ. ಖರಾಬು ಎಂದರೆ ಕಂದಾಯವಿಲ್ಲದ ಜಾಗ. 'ಅ' ಅಂದರೆ ಬಂಡೆ ಗಿಂಡೆ ಇದ್ದು ಬೇಸಾಯಕ್ಕೆ ಬಾರದ್ದು. 'ಬ' ಅಂದರೆ ದಾರಿ, ಹಳ್ಳ, ಹೀಗೆ ಎಲ್ಲರ ಉಪಯೋಗಕ್ಕೆ ಬಿಟ್ಟದ್ದು. ಆ ಹೊಲದ ಅಂಚಿನಲ್ಲಿ ಗಾಡಿ ದಾರಿ ಇರುವುದನ್ನು ನಾನೇ ಚಿಕ್ಕಂದಿನಲ್ಲಿ ನೋಡಿದ್ದೇನೆ. ಪಾಲಿನ ಲೆಕ್ಕಕ್ಕೆ ಹಿಡಿಯಬೇಕಾದದ್ದು 5-12 ಅಲ್ಲ, ಖರಾಬು ಕಳೆದು ಉಳಿದ 5-00.

ಇನ್ನು ಮುಖ್ಯವಾದ ಒಂಬತ್ತನೇ ಕಾಲಂ. ಖಾತೆದಾರರ, ಅಂದರೆ ಮಾಲೀಕರ ಹೆಸರು ಬರುವುದು ಇಲ್ಲಿ. ನಮ್ಮ ಪುಟದಲ್ಲಿ ಮೂರು ಸಾಲು ಹೆಸರು, ಪ್ರತಿ ಹೆಸರಿನ ಪಕ್ಕ ಅವರವರ ಪಾಲಿನ ವಿಸ್ತೀರ್ಣ. ಮೊದಲ ಸಾಲಿನಲ್ಲಿ ದೊಡ್ಡಪ್ಪನ ಹೆಸರಿಗೆ ಗೀಟು ಎಳೆದು, ಮೇಲೆ ಸಣ್ಣಕ್ಷರದಲ್ಲಿ ದೊಡ್ಡಮ್ಮನ ಹೆಸರು ಬರೆದಿತ್ತು. ಹೆಸರಿನ ಮುಂದೆ 'ಕೋಂ ಲೇಟ್' ಎಂದು ಬರೆದು ದೊಡ್ಡಪ್ಪನ ಹೆಸರು. 'ಬಿನ್' ಅಂದರೆ ಇಂಥವರ ಮಗ, 'ಕೋಂ' ಅಂದರೆ ಇಂಥವರ ಹೆಂಡತಿ. ಹಳೆಯ ಕಾಗದದಲ್ಲಿ ಹೆಣ್ಣುಮಕ್ಕಳನ್ನು ಹುಡುಕುವಾಗ ನಾನು ಮೊದಲು ಕಣ್ಣಾಡಿಸುವುದು ಈ 'ಕೋಂ' ಎಂಬ ಪುಟ್ಟ ಅಕ್ಷರಕ್ಕೆ. ಪಕ್ಕದ ಹತ್ತನೇ ಕಾಲಮಿನಲ್ಲಿ 'ಪೌತಿ' ಎಂದು ಬರೆದು ಎಂ.ಆರ್. ನಂಬರು ಹಾಕಿದ್ದರು. ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾಗಿದೆ ಎಂದು ಅದರ ಅರ್ಥ. ಈ ನಂಬರನ್ನು ತಪ್ಪದೆ ಒಂದು ಕಡೆ ಬರೆದಿಟ್ಟುಕೊಳ್ಳಿ. ಮುಂದಿನ ದಾರಿಯೆಲ್ಲ ತೆರೆಯುವುದು ಅದರಿಂದಲೇ.

ಪಾಲುಗಳಿಗೆ ಬರೋಣ. ಎರಡನೇ ಸಾಲು, ಫೋನ್ ಮಾಡಿದ ಹುಡುಗನ ಅಪ್ಪನದು, 1-30. ಮೂರನೆಯದು ಚಿಕ್ಕ ಮೈದುನನದು, 1-20. (ಕಣದ ಜಾಗ ಅವರಿಗೆ ಹೋದದ್ದರಿಂದ ಹೊಲದಲ್ಲಿ ಹತ್ತು ಗುಂಟೆ ಕಡಿಮೆ ಅಂತೆ.) ದೊಡ್ಡಮ್ಮನ ಸಾಲಿನಲ್ಲಿ ಮಾತ್ರ ಎಕರೆಯ ಅಂಕಿ ಇರಬೇಕಾದ ಕಡೆ ಚಹಾ ಬಣ್ಣದ ಒಂದು ನೀರಿನ ಕಲೆ. ಕಲೆಯ ಈಚೆಗೆ '30' ಅಷ್ಟೇ ಕಾಣುತ್ತಿತ್ತು. ಹುಡುಗ ಓದಿದ್ದು ಆ ಮೂವತ್ತನ್ನು.

ಕೂಡಿ ನೋಡೋಣವೇ? ಇಲ್ಲಿ ಒಂದು ಎಚ್ಚರ ಬೇಕು. ಒಂದು ಎಕರೆಗೆ 40 ಗುಂಟೆ. ಗುಂಟೆಯ ಒಳಗೂ 16 ಆಣೆ ಉಂಟು, ಆದರೆ ನಮ್ಮ ಪುಟದಲ್ಲಿ ಆಣೆಯ ಕಾಟ ಇರಲಿಲ್ಲ. ನಲವತ್ತು ತುಂಬಿದ ಮೇಲೆ ಒಂದು ಎಕರೆ ದಶಕವಾಗಿ ಮೇಲೆ ಹೋಗುತ್ತದೆ, ನಾಲ್ಕು ಪಾವು ತುಂಬಿದರೆ ಒಂದು ಸೇರು ಆಗುವ ಹಾಗೆ. ಕ್ಯಾಲ್ಕುಲೇಟರಿನಲ್ಲಿ 1.30ಕ್ಕೆ 1.20 ಕೂಡಿದರೆ ಅದು 2.50 ತೋರಿಸುತ್ತದೆ. ನಮ್ಮ ಮನೆಯವರು ಅದನ್ನೇ ಎರಡೂವರೆ ಎಕರೆ ಎಂದು ಓದಿದರು. ಅಲ್ಲವೇ ಅಲ್ಲ. ಅದು 2 ಎಕರೆ 50 ಗುಂಟೆ, ಅಂದರೆ 3 ಎಕರೆ 10 ಗುಂಟೆ. ಮುಕ್ಕಾಲು ಎಕರೆಯಷ್ಟು ವ್ಯತ್ಯಾಸ ಒಂದು ಚುಕ್ಕೆಯಲ್ಲಿ!

ಇಬ್ಬರು ಮೈದುನಂದಿರದು ಸೇರಿ 3-10. ಉಳಿದ 5-00ರಲ್ಲಿ ಅದನ್ನು ಕಳೆಯಬೇಕು. ಐದರಿಂದ ಒಂದು ಎಕರೆ ಸಾಲ ತಂದರೆ ಕೈಗೆ ಸಿಗುವುದು ಹತ್ತಲ್ಲ, ನಲವತ್ತು. ಆಗ 4-40ರಲ್ಲಿ 3-10 ಹೋದರೆ 1-30. ದೊಡ್ಡಮ್ಮನ ಪಾಲು ಬರೀ 30 ಗುಂಟೆ ಎಂದರೆ ಮೂವರದೂ ಸೇರಿ 4 ಎಕರೆಯಷ್ಟೇ ಆಗುತ್ತದೆ. ಮಿಕ್ಕ ಒಂದು ಎಕರೆ ಯಾರ ಹೆಸರಿನಲ್ಲೂ ಇಲ್ಲ. ಹೊಲ ಹಾಗೆ ಗಾಳಿಯಲ್ಲಿ ಹಾರಿಹೋಗುತ್ತದೆಯೇ? ಅಂದರೆ ಕಲೆಯ ಕೆಳಗೆ ಒಂದು '1' ಇರಬೇಕು.

ಇರಬೇಕು ಎನ್ನುವುದು ಬೇರೆ, ಇದೆ ಎನ್ನುವುದು ಬೇರೆ. ಇನ್ನೊಂದು ಕಡೆಯಿಂದ ತಾಳೆ ನೋಡಲು ನಾಲ್ಕನೇ ಕಾಲಂ ಇದೆಯಲ್ಲ, ಕಂದಾಯದ್ದು. ಪೂರಾ 5 ಎಕರೆಗೆ 10 ರೂಪಾಯಿ ಎಂದಿತ್ತು, ಎಕರೆಗೆ 2 ರೂಪಾಯಿ ಬಿತ್ತು. ದೊಡ್ಡಮ್ಮನ ಬಿಸ್ಕತ್ತಿನ ಡಬ್ಬಿಯಲ್ಲಿ ಹಳೆಯ ಕಂದಾಯದ ರಸೀದಿಗಳಿದ್ದವು. ಪುಣ್ಯಾತ್ಗಿತ್ತಿ, ಒಂದನ್ನೂ ಎಸೆದಿಲ್ಲ. ಸೆಸ್ಸು ಗಿಸ್ಸು ಬಿಟ್ಟು ಬರೀ ಕಂದಾಯ ಎಂದು ಬರೆದ ಕಡೆ 3 ರೂಪಾಯಿ 50 ಪೈಸೆ. 1 ಎಕರೆ 30 ಗುಂಟೆಗೆ ಬರುವುದು ಸರಿಯಾಗಿ ಅಷ್ಟೇ. 30 ಗುಂಟೆಯೇ ಆಗಿದ್ದರೆ ಒಂದೂವರೆ ರೂಪಾಯಿ ಕಟ್ಟಿದ್ದರೆ ಸಾಕಿತ್ತು. ಈ ತಾಳೆ ನಡೆಯುವುದು ಒಂದೇ ಸರ್ವೆ ನಂಬರಿನೊಳಗೆ, ಒಂದೇ ತರದ ಮಣ್ಣಿದ್ದಾಗ ಮಾತ್ರ. ಅರ್ಧ ಗದ್ದೆ, ಅರ್ಧ ಹೊಲ ಇದ್ದರೆ ದರವೇ ಬೇರೆ ಬೇರೆ.

ಇಷ್ಟು ಹೇಳಿದ ಮೇಲೆ ಹುಡುಗ ಬಲಗಡೆಯ ಫೋಟೋ ತೋರಿಸಿದ. "ಆದ್ರೆ ಇಲ್ನೋಡಿ, ಪೂರ್ತಿ ಹೊಲಕ್ಕೂ ನಮ್ಮಪ್ಪನ ಹೆಸರೇ ಇದೆ." ಇತ್ತು, ನಿಜ. ಆದರೆ ಅದು ಹನ್ನೆರಡನೇ ಕಾಲಂ. ಆ ವರ್ಷ ಯಾರು ಉತ್ತರು, ಏನು ಬಿತ್ತಿದರು ಎಂದು ಬರೆಯುವ ಜಾಗ. ಅವರಪ್ಪ ಅತ್ತಿಗೆಯ ಪಾಲನ್ನೂ ಸೇರಿಸಿ ರಾಗಿ ಹಾಕುತ್ತಿದ್ದರು, ವರ್ಷಕ್ಕಿಷ್ಟು ರಾಗಿ ಅಳೆದು ಕೊಡುತ್ತಿದ್ದರು. ಉತ್ತವರ ಹೆಸರು ಅಲ್ಲಿ ಬಂದ ಮಾತ್ರಕ್ಕೆ ಒಂಬತ್ತನೇ ಕಾಲಮಿನ ಹೆಸರು ಅಳಿಸಿಹೋಗುವುದಿಲ್ಲ. ಹಾಗೆಂದು ಆ ಕಾಲಮನ್ನು ತಾತ್ಸಾರ ಮಾಡಲೂಬಾರದು. ಹೊರಗಿನವರ ಹೆಸರು ವರ್ಷಗಟ್ಟಲೆ ಅಲ್ಲಿದ್ದರೆ ಏಕೆ ಎಂದು ಕೇಳಲೇಬೇಕು. 1974ರ ಭೂಸುಧಾರಣೆಯ ಕಾಲದಲ್ಲಿ ಗೇಣಿದಾರರು ತಮ್ಮ ಸಾಗುವಳಿಗೆ ಪುರಾವೆಯಾಗಿ ತೋರಿಸಿದ್ದೇ ಈ ಕಾಲಮನ್ನು.

ಫೋಟೋ ನೋಡುವಾಗ ಇನ್ನೆರಡು ಮಾತು ನೆನಪಿರಲಿ. ಹಳೆಯ ಪುಟಗಳಲ್ಲಿ ಕನ್ನಡದ ಅಂಕಿಗಳೇ ಹೆಚ್ಚು. ಅವಸರದ ಬರಹದಲ್ಲಿ ೬ ಯಾವುದು ೯ ಯಾವುದು ತಿಳಿಯುವುದಿಲ್ಲ. ಆಗ ಅದೇ ಪುಟದಲ್ಲಿ, ಅದೇ ಕೈಬರಹದಲ್ಲಿ, ಅನುಮಾನವೇ ಇಲ್ಲದ ಒಂದು ೬ ಹುಡುಕಿ ಪಕ್ಕಕ್ಕಿಟ್ಟು ನೋಡಬೇಕು. ಸರ್ವೆ ನಂಬರುಗಳು ಕ್ರಮವಾಗಿ ಬರುವುದರಿಂದ ಆ ಕಾಲಮಿನಲ್ಲೇ ಅದು ಸಿಗುತ್ತದೆ. ಇನ್ನು 'ಸದರಿ' ಎಂಬ ಪದ. ಮೇಲಿನ ಸಾಲಿನಲ್ಲಿ ಇದ್ದದ್ದೇ ಇಲ್ಲಿಯೂ ಎಂದು ಅದರ ಅರ್ಥ. ಮೇಲಿನ ಸಾಲು ಫೋಟೋದಲ್ಲಿ ಕತ್ತರಿಸಿಹೋಗಿದ್ದರೆ ಸದರಿ ಯಾರೆಂದು ಆ ದೇವರೇ ಹೇಳಬೇಕು. ಅದಕ್ಕೇ ಯಾರಾದರೂ ಫೋಟೋ ತೆಗೆಯಲು ಹೋದರೆ ಮೊದಲು ಊರಿನ ಹೆಸರು, ವರ್ಷ, ಕಾಲಮಿನ ತಲೆಬರಹ ಎಲ್ಲ ಬರುವ ಹಾಗೆ ಪೂರಾ ಪುಟ ತೆಗೆಯಲು ಹೇಳಿ, ಆಮೇಲೆ ಬೇಕಾದರೆ ಹತ್ತಿರದಿಂದ ತೆಗೆಯಲಿ.

ಇಷ್ಟೆಲ್ಲ ಓದಿದರೂ ಫೋಟೋ ಫೋಟೋನೇ. ಕಚೇರಿಯಲ್ಲಿ ಅದಕ್ಕೆ ಬೆಲೆಯಿಲ್ಲ, ದೃಢೀಕರಿಸಿದ ನಕಲು ಬೇಕು. ಪಹಣಿಯಲ್ಲಿ ಬರೆದದ್ದು ಸುಳ್ಳೆಂದು ಯಾರಾದರೂ ತೋರಿಸುವವರೆಗೆ ಅದನ್ನು ನಿಜವೆಂದು ಹಿಡಿಯುತ್ತಾರೆಯೇ ಹೊರತು ಪಹಣಿಯಿಂದಲೇ ಯಾರೂ ಮಾಲೀಕರಾಗುವುದಿಲ್ಲ. ನಾವು ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ ಎರಡು ನಕಲು ಕೇಳಿದೆವು. ಒಂದು ಆ ವರ್ಷದ ಪಹಣಿಯದು, ಇನ್ನೊಂದು ಹತ್ತನೇ ಕಾಲಮಿನಲ್ಲಿದ್ದ ಎಂ.ಆರ್. ನಂಬರಿನದು. ಸರ್ವೆಯವರ ಹತ್ತಿರ ಆಕಾರಬಂದಿನ ನಕಲನ್ನೂ ತೆಗೆಸಿದೆವು. ಒಟ್ಟು ವಿಸ್ತೀರ್ಣ, ಖರಾಬು, ಕಂದಾಯಗಳ ಮೂಲ ಲೆಕ್ಕ ಇರುವುದು ಅದರಲ್ಲಿ.

ಎಂ.ಆರ್. ಪುಟದ ಮೇಲೆ ಕಲೆ ಇರಲಿಲ್ಲ. 'ಪೌತಿ, 1-30' ಎಂದು ಸ್ಪಷ್ಟವಾಗಿ ಬರೆದಿತ್ತು. ಆಮೇಲೆ ಈಗಿನ ಕಂಪ್ಯೂಟರ್ ಪಹಣಿ ತೆಗೆಸಿದರೆ ಅದರಲ್ಲಿ ಮೂರನೇ ಕಾಲಂ 5-00, ಒಂಬತ್ತನೇ ಕಾಲಮಿನಲ್ಲಿ ದೊಡ್ಡಮ್ಮನ ಮುಂದೆ 0-30! ಕೈಬರಹದಿಂದ ಕಂಪ್ಯೂಟರಿಗೆ ಇಳಿಸುವಾಗಲೂ ಯಾರೋ ಆ ಕಲೆಯನ್ನೇ ಓದಿದ್ದಾರೆ. ಮೂರನೇ ಕಾಲಮಿಗೂ ಒಂಬತ್ತಕ್ಕೂ ಹೊಂದದ ಇಂಥ ಪಹಣಿಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟಿವೆ. ನಿಮ್ಮ ಮನೆಯ ಪಹಣಿಯಲ್ಲೂ ಒಂಬತ್ತನೇ ಕಾಲಮಿನ ಪಾಲುಗಳನ್ನು ಒಮ್ಮೆ ಕೂಡಿ ನೋಡಿ.

ತಿದ್ದುಪಡಿಗೆ ಅರ್ಜಿ ಕೊಟ್ಟಿದ್ದೇವೆ, ಎಂ.ಆರ್. ನಕಲು, ಆಕಾರಬಂದಿನ ನಕಲು, ರಸೀದಿಗಳ ಜೆರಾಕ್ಸು ಎಲ್ಲ ಲಗತ್ತಿಸಿದೆ. ಹುಡುಗನೂ ತಕರಾರಿಲ್ಲವೆಂದು ಬರೆದುಕೊಟ್ಟ. ಅದು ಸರಿಯಾಗಿ ಬರುವವರೆಗೆ ಸಹಿ ಇಲ್ಲ ಎಂದು ದೊಡ್ಡಮ್ಮ ಗಿರಾಕಿಗೆ ತಾವೇ ಫೋನಿನಲ್ಲಿ ಹೇಳಿದರು. ಹೆಬ್ಬೆಟ್ಟಲ್ಲ, ಅವರಿಗೆ ಸಹಿ ಹಾಕಲು ಬರುತ್ತದೆ.