ಚಿಗವ್ವಗ ಸಿಗದ ನನ್ನ ಬರಹ

ಹೋದ ವರ್ಷ ಏಪ್ರಿಲ್‌ನಲ್ಲಿ ಹುಬ್ಬಳ್ಳಿ ಚಿಗವ್ವ ಮಕ್ಕಳನ್ನ ಕರ್ಕೊಂಡು ಹಕ್ಕಿ ನೋಡಾಕಂತ ಮಾಗಡಿ ಕೆರೆಗೆ ಬಂದಿದ್ದಳು. ಬಿಸಿಲು ಬಿಟ್ರೆ ಅಲ್ಲಿ ಏನೂ ಇರಲಿಲ್ಲ. ಹೆಬ್ಬಾತುಗಳು ಎಂದೋ ವಾಪಸ್ ಹೋಗಿದ್ದವು. ಸಂಜೆ ಗದಗಕ್ಕೆ, ನಮ್ಮನಿಗೆ ಬಂದು ಕುಂತಾಗ ನಾನು ದೊಡ್ಡಸ್ತಿಕೆಯಿಂದ ಹೇಳಿದೆ: “ನವೆಂಬರ್‌ನಿಂದ ಫೆಬ್ರವರಿ ಒಳಗ ಬರಬೇಕು ಚಿಗವ್ವ, ನಾನು ಬರದೇನಲ್ಲ!”

“ನೀ ಬರದಿದ್ದು ನನಗ ಸಿಗಲೇ ಇಲ್ಲಲ್ಲೋ ತಮ್ಮ” ಅಂದಳು. ಫೋನ್ ತೆಗೆದು ತೋರಿಸಿದಳು. ಅವಳು ಹುಡುಕಿದ್ದು ಇದು:

```
magadi bird sanctuary gadag timing
```

ನನ್ನ ಬರಹದ ಶೀರ್ಷಿಕೆ ಏನಿತ್ತು ಗೊತ್ತಾ? “ದೂರದ ಅತಿಥಿಗಳ ಚಳಿಗಾಲದ ಸಂಭ್ರಮ”. ಅದರಾಗ ಮಾಗಡಿ ಇಲ್ಲ, ಗದಗ ಇಲ್ಲ, ಹಕ್ಕಿನೂ ಇಲ್ಲ. ಓದೋರಿಗೆ ಚೆಂದ ಅನ್ನಿಸಬಹುದು, ಆದರೆ ಹುಡುಕೋರು ಓದೋಕೆ ಮುಂಚೆ ಟೈಪ್ ಮಾಡ್ತಾರೆ.

ಮರುದಿನ ಕ್ಲಾಸಿನ ಐದು ಮಂದಿಗೆ ಒಂದು ಕೆಲಸ ಹೇಳಿದೆ. “ಶಿರಹಟ್ಟಿ ಕಡೆ ಕೆರಿಗೆ ಹಕ್ಕಿ ನೋಡಾಕ ಹೋಗಬೇಕು ಅಂದ್ರ ಏನಂತ ಹುಡುಕ್ತೀರಿ? ಬಾಯಿಲೆ ಹೇಳಬ್ಯಾಡ್ರಿ, ಟೈಪ್ ಮಾಡಿ ತೋರಸ್ರಿ.” ಈ ಕೊನೆಯ ಮಾತು ಮುಖ್ಯ. ಬಾಯಲ್ಲಿ “ಎಲ್ಲೈತಿ” ಅನ್ನೋ ಲಕ್ಷ್ಮೇಶ್ವರದ ಗೆಳೆಯ ಟೈಪ್ ಮಾಡಿದ್ದು `magadi kere elli ide`. ಮುಂಡರಗಿಯವಳು ಬರೆದಿದ್ದು `gadag bird sanctuary best time`. ಒಬ್ಬನೇ ಒಬ್ಬ ಕನ್ನಡ ಲಿಪಿಯಲ್ಲಿ “ಮಾಗಡಿ ಪಕ್ಷಿಧಾಮ” ಅಂತ ಹಾಕಿದ. ಅತಿಥಿ, ಸಂಭ್ರಮ ಯಾರ ಬೆರಳಿಗೂ ಬರಲಿಲ್ಲ. ಎಲ್ಲರಲ್ಲೂ ಇದ್ದದ್ದು ಜಾಗದ ಹೆಸರು, ಕೆಲವರಲ್ಲಿ ಎಲ್ಲಿ ಅಥವಾ ಯಾವಾಗ ಅನ್ನೋ ಪ್ರಶ್ನೆ.

ಇನ್ನೊಂದು ತೊಡಕೂ ಇತ್ತು. ಬರೀ “ಮಾಗಡಿ” ಅಂದ್ರೆ ಬೆಂಗಳೂರು ಹತ್ತಿರದ, ಕೆಂಪೇಗೌಡರ ನೆನಪಿನ ಮಾಗಡಿ ಮೊದಲು ಬರುತ್ತೆ. ನಮ್ಮ ಮಾಗಡಿ ಶಿರಹಟ್ಟಿ ತಾಲೂಕಿನ ಹಳ್ಳಿ. ಅದಕ್ಕೇ ಪಕ್ಕದಲ್ಲಿ “ಗದಗ” ಇರಲೇಬೇಕು. ಶಿರಹಟ್ಟಿ ಅಂತ ಹಾಕಿದ್ರೆ ನಮಗೆ ತಿಳಿಯುತ್ತೆ, ಹೊರಗಿನೋರಿಗೆ ಗೊತ್ತಿರೋದು ಜಿಲ್ಲೆ ಹೆಸರು. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿ ಸೇರಿದ್ದನ್ನೂ ಶೀರ್ಷಿಕೆಯಲ್ಲಿ ಹಾಕೋ ಆಸೆ ನನಗಿತ್ತು. ಆದರೆ ಐದು ಮಂದಿಯಲ್ಲಿ ಒಬ್ಬರೂ ಆ ಪದ ಬಳಸಲಿಲ್ಲ, ಅದನ್ನ ಬರಹದ ಒಳಗೆ ಇಟ್ಟೆ.

ಹೊಸ ಶೀರ್ಷಿಕೆ ಹೀಗಾಯ್ತು: “ಮಾಗಡಿ ಕೆರೆ ಪಕ್ಷಿಧಾಮ, ಗದಗ: ಯಾವ ತಿಂಗಳು ಹೋಗಬೇಕು?”

ಹೆಸರು ಮೊದಲು, ಪ್ರಶ್ನೆ ಆಮೇಲೆ. ಹುಡುಕಾಟದ ಪುಟ ಅಕ್ಷರ ಎಣಿಸಲ್ಲ, ಅಗಲ ನೋಡಿ ಕತ್ತರಿಸುತ್ತೆ. ನಮ್ಮ ಅಕ್ಷರಗಳು ಅಗಲ ಜಾಸ್ತಿ, ಹಾಗಾಗಿ ಇಂಗ್ಲಿಷಿಗಿಂತ ಬೇಗ ಕಟ್ ಆಗುತ್ತೆ. ಕಟ್ ಆದ್ರೂ ಊರಿನ ಹೆಸರು ಉಳೀಬೇಕು.

ಕೆಳಗಿನ ವಿವರಣೆ: “ಹೆಬ್ಬಾತುಗಳನ್ನು ನೋಡಲು ನವೆಂಬರ್‌ನಿಂದ ಫೆಬ್ರವರಿ ಒಳಗೆ ಬನ್ನಿ, ಬೇಸಿಗೆಯಲ್ಲಿ ಬರಬೇಡಿ. ಗದಗದಿಂದ ಸುಮಾರು 26 ಕಿ.ಮೀ., ಲಕ್ಷ್ಮೇಶ್ವರದಿಂದ 11 ಕಿ.ಮೀ.” ವಿವರಣೆ ಬರೆದ ಮಾತ್ರಕ್ಕೆ ಪುಟ ಮೇಲೆ ಏರಲ್ಲ. ಕೆಲವೊಮ್ಮೆ ಗೂಗಲ್ ನಮ್ಮದನ್ನ ಬಿಟ್ಟು ಬರಹದ ಒಳಗಿನ ಸಾಲನ್ನೇ ತೋರಿಸುತ್ತೆ. ಅದಕ್ಕೆ ಇದೇ ಮಾತನ್ನ ಮೊದಲ ಪ್ಯಾರಾದಲ್ಲೂ ಬರೆದೆ. ಚಿಗವ್ವನಂಥೋರು ಕ್ಲಿಕ್ ಮಾಡದಿದ್ರೂ ತಿಂಗಳು ಕಣ್ಣಿಗೆ ಬಿದ್ರೆ ಸಾಕು.

ಇಂಗ್ಲಿಷ್ ಅಕ್ಷರದಲ್ಲಿ ಹುಡುಕೋರಿಗೆ ಏನು ಮಾಡೋದು? ಕನ್ನಡ ಶೀರ್ಷಿಕೆಗೆ ಇಂಗ್ಲಿಷ್ ಪದ ತುರುಕಿದ್ರೆ ಅಸಹ್ಯ ಕಾಣುತ್ತೆ. ಬರಹದ ಲಿಂಕ್ ಹೀಗಿಟ್ಟೆ:

```
magadi-kere-bird-sanctuary-gadag
```

ಒಳಗೆ ಒಂದು ಫೋಟೋದ ಕೆಳಗೆ ಅದೇ ಹೆಸರನ್ನ ಇಂಗ್ಲಿಷಲ್ಲಿ ಒಂದೇ ಸಲ ಬರೆದೆ.

ಸರಿಯಾಯ್ತೋ ಇಲ್ಲೋ ಅಂತ Search Console ನೋಡಿದ್ರೆ ತಿಳಿಯುತ್ತೆ. ಜನ ಟೈಪ್ ಮಾಡಿದ ಪದಗಳೇ ಅಲ್ಲಿ ಪಟ್ಟಿಯಾಗಿ ಬರ್ತಾವೆ, ತೀರಾ ಕಡಿಮೆ ಮಂದಿ ಹುಡುಕಿದ್ದು ಬಿಟ್ಟು. ನಮ್ಮ ಬರಹ ಯಾರಿಗೂ ಕಾಣಿಸಿಲ್ಲ ಅಂದ್ರೆ ಮೊದಲು ಅನುಮಾನ ಪಡಬೇಕಾದ್ದು ನಮ್ಮ ಪದಗಳನ್ನ. ಕಾಣಿಸಿಯೂ ಯಾರೂ ಒತ್ತಿಲ್ಲ ಅಂದ್ರೆ ಶೀರ್ಷಿಕೆ ಅವರ ಪ್ರಶ್ನೆಗೆ ಉತ್ತರದ ಹಾಗೆ ಕಂಡಿಲ್ಲ. ಇಲ್ಲಾ, ಪುಟ ಬಹಳ ಕೆಳಗೆ ಬಂದಿರಬಹುದು. ಅದಕ್ಕೆ ಎಷ್ಟನೇ ಜಾಗದಲ್ಲಿದೆ ಅನ್ನೋದನ್ನೂ ನೋಡಬೇಕು. ಬದಲಾವಣೆ ಗೊತ್ತಾಗೋಕೆ ಕೆಲವು ವಾರ ಬೇಕು, ದಿನಾ ಶೀರ್ಷಿಕೆ ತಿದ್ದಬ್ಯಾಡ್ರಿ. ನನ್ನ ಪಟ್ಟಿಯಲ್ಲಿ ಮೊದಲು ಕಂಡದ್ದು `magadi kere yavaga hogbeku`.

ಹಳೆಯ ಶೀರ್ಷಿಕೆ ಬಿಸಾಕಿಲ್ಲ. ಬರಹದ ಒಳಗೆ, ಹಕ್ಕಿಗಳು ಇಳಿಯೋ ಭಾಗಕ್ಕೆ ಉಪಶೀರ್ಷಿಕೆ ಆಗಿದೆ. ಡಿಸೆಂಬರ್‌ನಲ್ಲಿ ಚಿಗವ್ವ ಮತ್ತೆ ಬಂದಳು. ಈ ಸಲ ಹುಡುಕಿಲ್ಲ, ಸೀದಾ ನನಗ ಫೋನ್ ಮಾಡಿದಳು 😅

#ಮಾಗಡಿಕೆರೆ #ಗದಗ #ಶಿರಹಟ್ಟಿ